ತಟ್ಟೆಯೊಳಗಿನ ಹಾಲು ಎಷ್ಟು?

ಹಸಿ ಹಾಲಿನ ಒಂದು ಮಿಲಿಲೀಟರಿನಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರಬಹುದು. ಅಷ್ಟನ್ನೂ ಒಂದೇ ಪೆಟ್ರಿ ತಟ್ಟೆಯಲ್ಲಿ ಬೆಳೆಸಿದರೆ ಕಾಲೊನಿಗಳು ಒಂದಕ್ಕೊಂದು ಅಂಟಿಕೊಂಡು ತಟ್ಟೆಯೆಲ್ಲ ಬೆಳ್ಳಗಾಗುತ್ತದೆ, ಎಣಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಹಾಲನ್ನು ಹಂತಹಂತವಾಗಿ ತೆಳುಮಾಡಿ, ಎಣಿಸಲು ಬರುವಷ್ಟು ಕಾಲೊನಿಗಳು ಮೂಡುವ ತಟ್ಟೆಯನ್ನು ಹುಡುಕುತ್ತಾರೆ. ಇದೇ ಸೀರಿಯಲ್ ಡೈಲ್ಯೂಷನ್. ಡೇರಿ ಮತ್ತು ಆಹಾರ ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಇದರ ಲೆಕ್ಕ ಬರುತ್ತದೆ. ಸೂತ್ರ ಬಾಯಿಪಾಠವಾಗಿದ್ದವರೂ ಇಲ್ಲಿ ಒಂದು ಸೊನ್ನೆ ಹೆಚ್ಚು ಕಡಿಮೆ ಮಾಡಿಬಿಡುತ್ತಾರೆ. ‘ಈ ತಟ್ಟೆಯಲ್ಲಿ ಮೂಲ ಹಾಲು ಎಷ್ಟಿದೆ?’ ಎಂದು ಕೇಳಿಕೊಂಡರೆ ಆ ತಪ್ಪು ಆಗುವುದಿಲ್ಲ.

ಒಂದು ಮಾದರಿಯನ್ನೇ ನೋಡೋಣ. ಐದು ಟೆಸ್ಟ್ ಟ್ಯೂಬುಗಳಲ್ಲಿ ತಲಾ 9 ಮಿ.ಲೀ. ಕ್ರಿಮಿರಹಿತ ದ್ರವವಿದೆ. ಮೊದಲನೆಯದಕ್ಕೆ 1 ಮಿ.ಲೀ. ಹಾಲು ಸೇರಿಸಿದರೆ ಒಟ್ಟು 10 ಮಿ.ಲೀ. ಆಗುತ್ತದೆ. ಅಂದರೆ ಹಾಲು ಹತ್ತರಲ್ಲಿ ಒಂದು ಪಾಲು, ಒಂಬತ್ತರಲ್ಲಿ ಒಂದಲ್ಲ. ಚೆನ್ನಾಗಿ ಕಲಕಿ, ಹೊಸ ಪಿಪೆಟ್ಟಿನಿಂದ ಅದರ 1 ಮಿ.ಲೀ. ಅನ್ನು ಎರಡನೆಯದಕ್ಕೆ ಹಾಕಿದರೆ ನೂರರಲ್ಲಿ ಒಂದು ಪಾಲು. ಹೀಗೇ ಸಾಗಿದರೆ ನಾಲ್ಕನೆಯ ಟ್ಯೂಬಿನ ಪ್ರತಿ ಮಿಲಿಲೀಟರಿನಲ್ಲಿ ಮೂಲ ಹಾಲು 0.0001 ಮಿ.ಲೀ., ಐದನೆಯದರಲ್ಲಿ 0.00001 ಮಿ.ಲೀ. ಇರುತ್ತದೆ.

ಮೂರು, ನಾಲ್ಕು, ಐದನೆಯ ಟ್ಯೂಬುಗಳಿಂದ ತಲಾ 1 ಮಿ.ಲೀ. ಅನ್ನು ಎರಡೆರಡು ತಟ್ಟೆಗಳಿಗೆ ಹಾಕಿ, ಕರಗಿಸಿ ಸುಮಾರು 45 ಡಿಗ್ರಿಗೆ ತಣಿಸಿದ ಅಗರ್ ಸುರಿದು, ಮೆಲ್ಲಗೆ ತಿರುಗಿಸಿ ಬೆರೆಸುತ್ತಾರೆ. ಅಗರ್ ಅದಕ್ಕಿಂತ ಬಿಸಿಯಿದ್ದರೆ ಕೆಲವು ಜೀವಕೋಶಗಳು ಸತ್ತು ಎಣಿಕೆ ತಗ್ಗುತ್ತದೆ. ಗಟ್ಟಿಯಾದ ತಟ್ಟೆಗಳನ್ನು ಬೋರಲು ಹಾಕಿ 37 ಡಿಗ್ರಿಯಲ್ಲಿ 48 ಗಂಟೆ ಇಡುತ್ತಾರೆ.

ಮೂರನೆಯ ಟ್ಯೂಬಿನ ತಟ್ಟೆಗಳಲ್ಲಿ ಎಣಿಸಲಾಗದಷ್ಟು ಕಾಲೊನಿಗಳು ಬಂದವು ಎನ್ನೋಣ. ನಾಲ್ಕನೆಯದರಲ್ಲಿ 172 ಮತ್ತು 156, ಐದನೆಯದರಲ್ಲಿ 18 ಮತ್ತು 14. ಲೆಕ್ಕಕ್ಕೆ ಸಾಮಾನ್ಯವಾಗಿ 30ರಿಂದ 300 ಕಾಲೊನಿಗಳಿರುವ ತಟ್ಟೆಗಳನ್ನೇ ಆರಿಸುತ್ತಾರೆ. 300 ದಾಟಿದರೆ ಕಾಲೊನಿಗಳು ಆಹಾರಕ್ಕೆ ಪೈಪೋಟಿ ನಡೆಸುತ್ತವೆ, ಚಿಕ್ಕವು ಕಣ್ಣಿಗೆ ಬೀಳುವುದಿಲ್ಲ. ತೀರಾ ಕಡಿಮೆಯಿದ್ದರೆ ಆಕಸ್ಮಿಕದ ಪಾಲು ದೊಡ್ಡದಾಗುತ್ತದೆ: 16 ಕಾಲೊನಿಗಳಲ್ಲಿ ನಾಲ್ಕರ ಏರುಪೇರು ಸಹಜ, ಅದು ಕಾಲುಭಾಗ. 164ರಲ್ಲಿ ಸಹಜ ಏರುಪೇರು ಸುಮಾರು 13, ಶೇ. 8 ಮಾತ್ರ.

ಹಾಗಾಗಿ ನಾಲ್ಕನೆಯ ಟ್ಯೂಬಿನ ಸರಾಸರಿ 164 ನಮ್ಮ ಆಧಾರ. 0.0001 ಮಿ.ಲೀ. ಹಾಲಿನಿಂದ 164 ಕಾಲೊನಿಗಳು ಬಂದಿವೆ:

164 ÷ 0.0001 = 1640000

ಎರಡು ಅರ್ಥಪೂರ್ಣ ಅಂಕಿಗಳಿಗೆ ಇಳಿಸಿದರೆ ಉತ್ತರ ಮಿಲಿಲೀಟರಿಗೆ 16 ಲಕ್ಷ ಸಿಎಫ್‌ಯು. ಬ್ಯಾಕ್ಟೀರಿಯಾ ಎನ್ನದೆ ಕಾಲೊನಿ ಮೂಡಿಸುವ ಘಟಕ ಎನ್ನಲು ಕಾರಣವಿದೆ. ಸರಪಳಿಯಾಗಿಯೋ ಗೊಂಚಲಾಗಿಯೋ ಇರುವ ಹತ್ತಾರು ಕೋಶಗಳು ಒಂದೇ ಕಾಲೊನಿಯಾಗಿ ಬೆಳೆಯಬಲ್ಲವು.

ಐದನೆಯ ಟ್ಯೂಬಿನ ತಟ್ಟೆಗಳು ಲೆಕ್ಕಕ್ಕೆ ಬಾರದಿದ್ದರೂ ತಾಳೆ ನೋಡಲು ಬೇಕು. ಸರಾಸರಿ 16, ಅಂದರೆ 164ರ ಹತ್ತನೇ ಒಂದು ಭಾಗಕ್ಕೆ ಹತ್ತಿರ. ಬದಲಿಗೆ 60 ಬಂದಿದ್ದರೆ, ಹಳೆಯ ಪಿಪೆಟ್ಟನ್ನೇ ಮುಂದಿನ ಟ್ಯೂಬಿಗೂ ಬಳಸಿರಬಹುದು ಅಥವಾ ಸರಿಯಾಗಿ ಕಲಕದೆ ಇರಬಹುದು ಎಂದು ಅನುಮಾನಿಸಬೇಕು. ಹಾಲು ಹಾಕದ, ದ್ರವ ಮತ್ತು ಅಗರ್ ಮಾತ್ರವಿರುವ ತಟ್ಟೆಯಲ್ಲೂ ಕಾಲೊನಿ ಕಂಡರೆ ಕಲಬೆರಕೆ ಹೊರಗಿನಿಂದಲೇ ಬಂದಿದೆ.

ಅತಿ ಹೆಚ್ಚು ತಪ್ಪಾಗುವುದು ತಟ್ಟೆಗೆ 0.1 ಮಿ.ಲೀ. ಮಾತ್ರ ಹಾಕಿ ಹರಡಿದಾಗ. ನಾಲ್ಕನೆಯ ಟ್ಯೂಬಿನಿಂದ ಅಷ್ಟೇ ತೆಗೆದರೆ ತಟ್ಟೆಯೊಳಗಿನ ಹಾಲು 0.00001 ಮಿ.ಲೀ. ಆಗ 164 ಕಾಲೊನಿಗಳು ಬಂದರೆ ಉತ್ತರ 1.6 ಕೋಟಿ, ಟ್ಯೂಬಿನ ಸಂಖ್ಯೆಯನ್ನಷ್ಟೇ ನೋಡಿದವರು 16 ಲಕ್ಷ ಎಂದು ಬರೆಯುತ್ತಾರೆ. ಪನೀರಿನಂಥ ಘನ ಪದಾರ್ಥದಲ್ಲೂ ಇದೇ ಎಚ್ಚರ ಬೇಕು. 10 ಗ್ರಾಂ ಪನೀರನ್ನು 90 ಮಿ.ಲೀ. ದ್ರವದಲ್ಲಿ ಅರೆದಾಗಲೇ ಮೊದಲ ಹತ್ತುಪಟ್ಟು ಮುಗಿದಿರುತ್ತದೆ.

ಆ ಒಂದು ಸೊನ್ನೆ ಹಾಲಿನ ದರ್ಜೆಯನ್ನೇ ಬದಲಿಸುತ್ತದೆ. ನಮ್ಮ ಡೇರಿ ಪಠ್ಯಗಳಲ್ಲಿರುವ ದರ್ಜೆಗಳ ಪ್ರಕಾರ ಹಸಿ ಹಾಲು 2 ಲಕ್ಷಕ್ಕಿಂತ ಕಡಿಮೆಯಿದ್ದರೆ ಅತ್ಯುತ್ತಮ, 10 ಲಕ್ಷದವರೆಗೆ ಉತ್ತಮ, 50 ಲಕ್ಷದವರೆಗೆ ಸಾಧಾರಣ, ಅದನ್ನು ಮೀರಿದರೆ ಕಳಪೆ. ನಮ್ಮ ಮಾದರಿ 16 ಲಕ್ಷ, ಹಾಗಾಗಿ ಸಾಧಾರಣ. ಒಂದು ಸೊನ್ನೆ ಬಿಟ್ಟರೆ ಅದೇ ಹಾಲು ಅತ್ಯುತ್ತಮ, ಒಂದು ಸೇರಿಸಿದರೆ ಕಳಪೆ.

ಉತ್ತರದ ಪಕ್ಕದಲ್ಲಿ ಶಾಖ ಮತ್ತು ಅವಧಿಯನ್ನೂ ಬರೆಯಬೇಕು. ಫ್ರಿಜ್ಜಿನ ತಂಪಿನಲ್ಲಿ ಹೆಚ್ಚುವ ಎಷ್ಟೋ ಬ್ಯಾಕ್ಟೀರಿಯಾಗಳು 37 ಡಿಗ್ರಿಯಲ್ಲಿ ಬೆಳೆಯುವುದಿಲ್ಲ. ಹೀಗಾಗಿ 16 ಲಕ್ಷವೆಂದರೆ ಆ ಹಾಲಿನಲ್ಲಿರುವ ಎಲ್ಲ ಜೀವಿಗಳ ಲೆಕ್ಕವಲ್ಲ, ಆ ಶಾಖದಲ್ಲಿ, ಆ ಅಗರಿನಲ್ಲಿ, 48 ಗಂಟೆಯೊಳಗೆ ಕಣ್ಣಿಗೆ ಕಾಣುವಷ್ಟು ಬೆಳೆದವುಗಳ ಲೆಕ್ಕ.