ಒಂದೇ ವೈಫೈ, ಎರಡು ಬಗೆಯ ಚಿತ್ರ

ಅಣ್ಣ, ತಂಗಿ ಇಬ್ಬರೂ ಒಂದೇ ಮನೆಯಲ್ಲಿ ಕೂತು ತಂತಮ್ಮ ಲ್ಯಾಪ್‌ಟಾಪಿನಲ್ಲಿ ಒಂದೇ ಸಿನಿಮಾ ನೋಡುತ್ತಿದ್ದಾರೆ ಎನ್ನೋಣ. ಇಬ್ಬರಿಗೂ ಸಿಗುತ್ತಿರುವ ವೇಗ ಸೆಕೆಂಡಿಗೆ 6 ಮೆಗಾಬಿಟ್. ಆದರೂ ಅಣ್ಣನಿಗೆ ಚಿತ್ರ ನಿಚ್ಚಳ, ತಂಗಿಗೆ ಮಸುಕು. ಎರಡೂ ಪ್ಲೇಯರ್‌ಗಳು ಸರಿಯಾಗಿಯೇ ಇವೆ.

ಸರ್ವರ್‌ನಲ್ಲಿ ಒಂದು ಸಿನಿಮಾದ ಹಲವು ಪ್ರತಿಗಳಿರುತ್ತವೆ: ಕೆಲವು ಹಗುರ, ಕೆಲವು ಭಾರ. ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿಟ್ಟಿರುತ್ತಾರೆ. ಮುಂದಿನ ತುಣುಕನ್ನು ಯಾವ ಪ್ರತಿಯಿಂದ ತರಿಸಬೇಕೆಂದು ತೀರ್ಮಾನಿಸುವುದು ನೋಡುಗರ ಕೈಯಲ್ಲಿರುವ ಪ್ಲೇಯರ್. ಆ್ಯಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ನಡೆಯುವುದು ಹೀಗೆಯೇ.

ವೇಗ ಅಳೆಯಲು ಬೇರೆ ಪರೀಕ್ಷೆಯೇನೂ ಇಲ್ಲ. 5 ಮೆಗಾಬಿಟ್ ದರದ ಪ್ರತಿಯಲ್ಲಿ 6 ಸೆಕೆಂಡಿನ ತುಣುಕು ಸುಮಾರು 30 ಮೆಗಾಬಿಟ್ ಇರುತ್ತದೆ. ಅದು ಬಂದು ಮುಟ್ಟಲು 5 ಸೆಕೆಂಡು ಹಿಡಿದರೆ ವೇಗ 6 ಮೆಗಾಬಿಟ್. ಬ್ರೌಸರ್‌ಗಳಲ್ಲಿ ಬಳಕೆಯಲ್ಲಿರುವ hls.js ಎಂಬ ಮುಕ್ತ ಪ್ಲೇಯರ್ ಇಂಥ ಅಳತೆಗಳಿಂದ ಎರಡು ಸರಾಸರಿ ಇಟ್ಟುಕೊಳ್ಳುತ್ತದೆ. ಒಂದು ಬೇಗ ಬದಲಾಗುತ್ತದೆ, ಇನ್ನೊಂದು ನಿಧಾನವಾಗಿ. ಎರಡರಲ್ಲಿ ಚಿಕ್ಕದನ್ನೇ ನಂಬುತ್ತದೆ. ಹಾಗಾಗಿ ನೆಟ್ ಕುಸಿದರೆ ತಕ್ಷಣ ಗೊತ್ತಾಗುತ್ತದೆ. ಚೇತರಿಸಿಕೊಂಡರೆ ನಂಬಲು ಸಮಯ ಬೇಕು.

ಎಚ್ಚರ ಇಲ್ಲಿಗೇ ಮುಗಿಯುವುದಿಲ್ಲ. ಇದ್ದ ಮೆಟ್ಟಿಲಲ್ಲೇ ಉಳಿಯಲು ಅದು ಅಳೆದ ವೇಗದ ಶೇ. 95ನ್ನು ಲೆಕ್ಕಕ್ಕೆ ಹಿಡಿದರೆ, ಮೇಲೇರಲು ಬರೀ ಶೇ. 70ನ್ನು ಹಿಡಿಯುತ್ತದೆ. ಅಣ್ಣ ಮೊದಲಿನಿಂದ 5ರ ಪ್ರತಿಯಲ್ಲಿದ್ದಾನೆ, 6ರ ಶೇ. 95 ಅಂದರೆ 5.7, ಅಲ್ಲೇ ಉಳಿಯುತ್ತಾನೆ. ತಂಗಿಯ ಪ್ಲೇಯರ್ ನಡುವೆ ಒಮ್ಮೆ ನೆಟ್ ಸೊರಗಿದಾಗ 3ರ ಪ್ರತಿಗೆ ಇಳಿದಿತ್ತು. ಈಗ ಅದರ ಲೆಕ್ಕಕ್ಕೆ ಸಿಗುವುದು 4.2 ಮಾತ್ರ. 5ಕ್ಕೆ ಏರಬೇಕಾದರೆ ವೇಗ 7.1 ದಾಟಬೇಕು. ಗಳಿಗೆಗೊಮ್ಮೆ ಏರಿಳಿಯುವ ಚಿತ್ರಕ್ಕಿಂತ ಇದು ವಾಸಿ.

ಆದರೆ ಅಳತೆಯೇ ತಪ್ಪಿದರೆ? ಸ್ಟ್ಯಾನ್‌ಫರ್ಡ್ ಸಂಶೋಧಕರು 2012ರಲ್ಲಿ ನೆಟ್‌ಫ್ಲಿಕ್ಸ್, ಹುಲು, ವುಡು ಸೇವೆಗಳಲ್ಲಿ ಇದನ್ನೇ ಕಂಡರು. ಬಫರ್ ತುಂಬಿದ ಮೇಲೆ ಪ್ಲೇಯರ್ ಒಂದು ತುಣುಕು ತರಿಸಿ ಕೊಂಚ ಸುಮ್ಮನಿರುತ್ತದೆ. ಆ ಬಿಡುವಿನಲ್ಲಿ ಅದೇ ಸಂಪರ್ಕದ ಮೇಲೆ ನಡೆಯುತ್ತಿರುವ ಬೇರೊಂದು ಡೌನ್‌ಲೋಡ್ ಜಾಗವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಮುಂದಿನ ತುಣುಕು ಮತ್ತೆ ನಿಧಾನವಾಗಿ ಶುರುವಾಗಿ, ವೇಗ ಕುದುರುವ ಮೊದಲೇ ಮುಗಿದುಬಿಡುತ್ತದೆ. ಪ್ಲೇಯರ್‌ಗೆ ಕಾಣುವುದು ಕಡಿಮೆ ವೇಗ. ಅದು ಹಗುರ ಪ್ರತಿಗೆ ಇಳಿಯುತ್ತದೆ. ತುಣುಕು ಚಿಕ್ಕದಾದಷ್ಟೂ ವೇಗ ಕುದುರಲು ಸಮಯ ಕಡಿಮೆ, ಅಳತೆ ಇನ್ನೂ ಕೆಳಗೆ. ತನ್ನ ಪಾಲಿನ ವೇಗ ಲಭ್ಯವಿದ್ದರೂ ಚಿತ್ರ ತಳಕ್ಕೆ ಜಾರುತ್ತದೆ. ಬಫರ್ ತುಂಬಿದ್ದೂ ಚಿತ್ರ ಮಸುಕಾಗುತ್ತ ಹೋಗುವುದೇ ಇದರ ಕುರುಹು.

ಕೂಡಿಟ್ಟ ತುಣುಕುಗಳನ್ನೇ ಆಧಾರವಾಗಿ ಹಿಡಿದರೆ ಹೇಗೆ ಎಂಬ ಪ್ರಯೋಗ ನೆಟ್‌ಫ್ಲಿಕ್ಸ್‌ನಲ್ಲೇ ನಡೆಯಿತು. ಬಫರ್ ತುಂಬಿದ್ದರೆ ಭಾರದ ಪ್ರತಿ, ಬರಿದಾಗುತ್ತಿದ್ದರೆ ಹಗುರದ್ದು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆಗ ಬಳಕೆಯಲ್ಲಿದ್ದ ವಿಧಾನಕ್ಕೆ ಹೋಲಿಸಿದರೆ ವಿಡಿಯೊ ನಡುವೆ ನಿಲ್ಲುವುದು ಶೇ. 10ರಿಂದ 20ರಷ್ಟು ತಗ್ಗಿತು. ವೇಗದ ಅಂದಾಜು ಬೇಕಾದದ್ದು ಬಹುಮಟ್ಟಿಗೆ ಆರಂಭದಲ್ಲಿ, ಬಫರ್ ಇನ್ನೂ ಖಾಲಿಯಿರುವಾಗ.