ಅಂದು ಬಾರದವರಿಗಾಗಿ ಒಂದು ಹಾಳೆ

ನಾನು ಪಾಠ ಹೇಳುವ ಪದವಿ ಕಾಲೇಜಿನ ಭೂಗೋಳ ವಿಭಾಗಕ್ಕೆ ಒಂದು ಶನಿವಾರ ಅತಿಥಿಯೊಬ್ಬರು ಬಂದಿದ್ದರು. ಸಣ್ಣ ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್. ಕೆರೆಗಳ ಬಗ್ಗೆ 70 ನಿಮಿಷ ಮಾತನಾಡಿದರು. ಅಂದು ಬೆಳಿಗ್ಗೆ ಹಳ್ಳಿಗಳ ಕಡೆಯ ಬಸ್ಸು ಕೆಟ್ಟು ನಿಂತು, 11 ಮಂದಿ ವಿದ್ಯಾರ್ಥಿಗಳು ಬರಲಾಗಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಇಡೀ ಮಾತನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ಸಂಜೆಯೇ ಅದನ್ನು ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಸೋಮವಾರ ಕೇಳಿದರೆ, ಬಾರದವರಲ್ಲಿ ಒಬ್ಬರೂ ಅದನ್ನು ಕೊನೆಯವರೆಗೆ ಕೇಳಿರಲಿಲ್ಲ. ಫ್ಯಾನಿನ ಸದ್ದು, ನಡುವೆ ನಗು, “ಇಲ್ಲಿ ನೋಡಿ” ಎಂದು ಬೋರ್ಡು ತೋರಿಸುವ ಮಾತು. ಬೋರ್ಡೇ ಕಾಣದವರಿಗೆ ಅದರಿಂದ ಏನು ತಿಳಿಯಬೇಕು?

“ಸರ್, ನಾನೇ ಎರಡು ಪುಟದಲ್ಲಿ ಬರೆದುಕೊಡುತ್ತೇನೆ” ಎಂದಳು. ಮೂರು ಸಂಜೆ ಕೂತು ಬರೆದಳು. ಆ ಹಾಳೆ ತಯಾರಾದ ಬಗೆಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಅವಳು ಮೊದಲು ಮಾಡಿದ ತಪ್ಪುಗಳು ನಾನು ಎಷ್ಟೋ ವರ್ಷದಿಂದ ಮಕ್ಕಳ ನೋಟ್ಸಿನಲ್ಲಿ ನೋಡುತ್ತ ಬಂದವು.

ಬರೆಯುವ ಮೊದಲು ಒಂದು ಫೋನ್ ಕರೆ ಮಾಡಬೇಕಾಯಿತು. ರೆಕಾರ್ಡ್ ಮಾಡುವಾಗ ಅತಿಥಿಯನ್ನು ಯಾರೂ ಕೇಳಿರಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಉಪನ್ಯಾಸ ಕೊಡುವವರನ್ನು ಗಾಯಕರು, ನಟರ ಸಾಲಿನಲ್ಲೇ ಪ್ರದರ್ಶಕರು ಎಂದು ಎಣಿಸುತ್ತದೆ. ಅವರ ಮಾತಿನ ಮೇಲೆ ಅವರಿಗೂ ಹಕ್ಕಿದೆ. ಕಾನೂನು ಹಾಗಿರಲಿ, ಮನೆಗೆ ಬಂದವರನ್ನು ಒಂದು ಮಾತು ಕೇಳುವುದು ನಮ್ಮ ಪದ್ಧತಿಯೇ. ಅವರು ಸಂತೋಷದಿಂದ ಒಪ್ಪಿ, “ರೆಕಾರ್ಡು ನಿಮ್ಮ ತರಗತಿಯಲ್ಲೇ ಇರಲಿ, ಬರೆದದ್ದನ್ನು ಹಂಚುವ ಮೊದಲು ನನಗೊಮ್ಮೆ ತೋರಿಸಿ” ಎಂದರು. ಈ ಎರಡನೆಯ ಮಾತು ಮುಂದೆ ನಮಗೆ ಬಹಳ ಉಪಕಾರಕ್ಕೆ ಬಂತು.

ಅವಳು ಮೊದಲ ಸಂಜೆ ರೆಕಾರ್ಡನ್ನು ಕ್ಷಣಕ್ಷಣಕ್ಕೂ ನಿಲ್ಲಿಸಿ ಒಂದೊಂದು ಮಾತನ್ನೂ ಬರೆಯತೊಡಗಿದಳು. ಎರಡು ಗಂಟೆ ಕಳೆದರೂ ಹನ್ನೆರಡನೆಯ ನಿಮಿಷ ದಾಟಿರಲಿಲ್ಲ. ಇದು ಎಲ್ಲರೂ ಹಿಡಿಯುವ ದಾರಿ, ಅರ್ಧಕ್ಕೇ ಬಿಡಿಸುವ ದಾರಿ. ಮೊದಲ ಸಲ ನಿಲ್ಲಿಸದೆ ಕೇಳಬೇಕು. ಕೈಯಲ್ಲಿ ಪೆನ್ನು ಇದ್ದರೂ ಬರೆಯಬೇಕಾದ್ದು ಯಾವ ನಿಮಿಷದಲ್ಲಿ ಯಾವ ವಿಷಯ ಶುರುವಾಯಿತು ಎಂಬುದನ್ನು ಮಾತ್ರ. ಅವಳ ಪಟ್ಟಿ ಆರೇ ಸಾಲಿನದಾಯಿತು: 3ನೇ ನಿಮಿಷಕ್ಕೆ ಅವರ ಊರಿನ ಕೆರೆಯ ನೆನಪು, 11ಕ್ಕೆ ಏರಿ, ತೂಬು, ಕೋಡಿಗಳ ವಿವರ, 19ಕ್ಕೆ ಮಳೆಯ ಲೆಕ್ಕ, 38ಕ್ಕೆ ಬಾವಿ ಮತ್ತು ಬೋರ್‌ವೆಲ್, 47ಕ್ಕೆ ಹೂಳು, 58ರಿಂದ ಪ್ರಶ್ನೋತ್ತರ.

ಪಟ್ಟಿ ಕಣ್ಣ ಮುಂದಿಟ್ಟುಕೊಂಡು ಅವಳು ತನ್ನನ್ನು ತಾನೇ ಕೇಳಿಕೊಂಡಳು: ಇಷ್ಟು ಹೊತ್ತು ಇವರು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು? ಕೆರೆ ತುಂಬಿದರೂ ಊರಿನ ಬೋರ್‌ವೆಲ್ ಏಕೆ ಬತ್ತಿರುತ್ತದೆ ಎಂಬುದೇ ಆ ಪ್ರಶ್ನೆ. ಅದನ್ನು ಹಾಳೆಯ ತಲೆಯಲ್ಲಿ ಬರೆದಳು. ಆಮೇಲೆ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದು ಬಹುಪಾಲು ತಾನಾಗಿ ತೀರ್ಮಾನವಾಯಿತು. ಊರಿನ ಕೆರೆಯ ನೆನಪು ಇಡೀ ಉಪನ್ಯಾಸದಲ್ಲಿ ಎಲ್ಲರಿಗೂ ಹಿಡಿಸಿದ ಭಾಗ. ಆದರೂ ಬಿಟ್ಟಳು. ಅದನ್ನು ಕೇಳಿದರೇ ಚೆಂದ, ಎರಡು ಸಾಲಿಗೆ ಇಳಿಸಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ.

ಎರಡನೆಯ ಸಲ ಬೇಕಾದ ಭಾಗಗಳನ್ನಷ್ಟೇ ನಿಲ್ಲಿಸಿ ನಿಲ್ಲಿಸಿ ಕೇಳಿದಳು. 38ನೇ ನಿಮಿಷದಲ್ಲಿ ಅತಿಥಿ ಹೇಳಿದ್ದು ಹೀಗಿತ್ತು:

“ಕೆರೆ ತುಂಬಿದ ತಕ್ಷಣ ಬೋರ್‌ವೆಲ್ ತುಂಬತ್ತೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಹಾಗಲ್ಲ ಅದು. ನಾನು ನೋಡಿದ ಹಲವು ಕೆರೆಗಳಲ್ಲಿ, ಎಲ್ಲಾ ಕೆರೆ ಅಂತಲ್ಲ ಮತ್ತೆ, ತೆರೆದ ಬಾವಿ ಮೊದಲು ಏರತ್ತೆ. ಇಲ್ಲಿ ನೋಡಿ, ಈ ಮೇಲಿನ ಪದರ ಇದೆಯಲ್ಲ, ನೀರು ಮೊದಲು ಇಲ್ಲೇ ನಿಲ್ಲೋದು. ಸಾವಿರ ಅಡಿ ಬೋರ್‌ವೆಲ್‌ಗೆ ಅದು ಹೋಗಬಹುದು, ಹೋಗದೇನೂ ಇರಬಹುದು. ಬಿರುಕು ಸಿಕ್ಕಿದ್ರೆ ತಾನೇ?”

ಅವಳು ಮೊದಲು ಬರೆದದ್ದು: “ಕೆರೆ ತುಂಬಿದರೆ ತೆರೆದ ಬಾವಿ ತುಂಬುತ್ತದೆ. ಬೋರ್‌ವೆಲ್ ತುಂಬುವುದಿಲ್ಲ.”

ಚಿಕ್ಕದಾಗಿದೆ, ಓದಲು ಸುಲಭವಾಗಿದೆ. ಆದರೆ ಆ ಮನುಷ್ಯ ಹೇಳಿದ್ದು ಅದಲ್ಲ. “ನಾನು ನೋಡಿದ ಹಲವು ಕೆರೆಗಳಲ್ಲಿ” ಎಂಬ ಮಿತಿ ಬಿದ್ದುಹೋಗಿದೆ. “ಹೋಗಬಹುದು, ಹೋಗದೇನೂ ಇರಬಹುದು” ಎಂಬುದು “ಇಲ್ಲ” ಎಂದಾಗಿದೆ. ಕಾರಣವಾದ ಬಿರುಕಿನ ಸುದ್ದಿಯೇ ಇಲ್ಲ. ಸಾರಾಂಶ ಬರೆಯುವಾಗ ನಾವು ಮೊದಲು ಕತ್ತರಿಸುವುದು ಬಹುಶಃ, ಹಲವು, ಸಾಮಾನ್ಯವಾಗಿ ಎಂಬಂಥ ಮಾತುಗಳನ್ನು. ಅವು ಮಾತಿನ ನಡುವಿನ ತೊದಲಿನಂತೆ ಕೇಳಿಸುತ್ತವೆ. ನಿಜಕ್ಕೂ ಅನುಭವಸ್ಥರೊಬ್ಬರು ತಮಗೆ ಎಷ್ಟು ಗೊತ್ತು ಎಂದು ಹಾಕಿಕೊಂಡ ಗೆರೆ ಅದು. ಅದನ್ನು ಅಳಿಸಿದರೆ ಅವರು ಹೇಳದ ಮಾತನ್ನು ಅವರ ಹೆಸರಿನಲ್ಲಿ ಹಂಚಿದಂತೆ. ನನ್ನ ಮಟ್ಟಿಗೆ ಇದು ಕಾಗುಣಿತದ ತಪ್ಪಿಗಿಂತ ಎಷ್ಟೋ ಪಾಲು ದೊಡ್ಡ ತಪ್ಪು.

ತಿದ್ದಿದ ಮೇಲೆ ಹೀಗಾಯಿತು: “ಕೆರೆಯಿಂದ ಇಂಗಿದ ನೀರು ಮೊದಲು ಸೇರುವುದು ನೆಲದ ಮೇಲ್ಭಾಗದ, ಸವೆದು ಸಡಿಲವಾದ ಬಂಡೆಯ ಪದರಕ್ಕೆ (ಚಿತ್ರದಲ್ಲಿ ‘ಅ’). ತಾವು ನೋಡಿದ ಹಲವು ಕೆರೆಗಳಲ್ಲಿ ತೆರೆದ ಬಾವಿಯ ನೀರು ಮೊದಲು ಏರುತ್ತದೆ ಎಂದರು. ಎಲ್ಲ ಕಡೆಯೂ ಹೀಗೇ ಎಂದು ಹೇಳಲಿಲ್ಲ. ಆಳದ ಬೋರ್‌ವೆಲ್‌ಗೆ ಈ ನೀರು ಸಿಗಬೇಕಾದರೆ ಕೆಳಗಿನ ಗಟ್ಟಿ ಬಂಡೆಯಲ್ಲಿ ಬಿರುಕಿದ್ದು, ಅದು ಮೇಲಿನ ಪದರಕ್ಕೆ ಕೂಡಿಕೊಂಡಿರಬೇಕು. (38ನೇ ನಿಮಿಷ)”

ಉದ್ದವಾಯಿತು, ನಿಜ. ಆದರೆ ಅಂದು ಬಾರದವನೊಬ್ಬ ಇದನ್ನು ಓದಿ ತಿಳಿಯಬಲ್ಲ. “ಇಲ್ಲಿ ನೋಡಿ” ಎಂಬುದು ಚಿತ್ರವಾಯಿತು. ಬೋರ್ಡನ್ನು ಅವಳು ಫೋಟೋ ತೆಗೆದಿರಲಿಲ್ಲ. ಹಿಂದಿನ ಬೆಂಚಿನವನೊಬ್ಬ ಪುಸ್ತಕದ ಮೂಲೆಯಲ್ಲಿ ಗೀಚಿಕೊಂಡಿದ್ದರಿಂದ ಬಚಾವಾದೆವು. ಕೊನೆಯಲ್ಲಿ ನಿಮಿಷದ ಗುರುತು ಇರುವುದರಿಂದ ಅನುಮಾನ ಬಂದವರು ನೇರವಾಗಿ ಆ ಜಾಗಕ್ಕೇ ಹೋಗಿ ಕೇಳಬಹುದು. ತನಗಾಗಿ ಬರೆದುಕೊಂಡ ನೋಟ್ಸಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ನೋಟ್ಸು ಕೇಳಿದ್ದನ್ನು ನೆನಪಿಗೆ ತಂದರೆ ಸಾಕು, ಈ ಹಾಳೆಗೆ ನೆನಪಿನ ಆಸರೆ ಇಲ್ಲ.

ಇನ್ನು ಅಂಕಿಗಳು. ಮಳೆಯ ಲೆಕ್ಕ ಹೇಳುವಾಗ ಅತಿಥಿ, ಎಲ್ಲರಂತೆ, ಶೇಕಡಾವಾರು ಅಂಕಿಯನ್ನು ಇಂಗ್ಲಿಷಿನಲ್ಲಿ ಹೇಳಿದ್ದರು. ಫಿಫ್ಟೀನ್ ಎಂದರೋ ಫಿಫ್ಟಿ ಎಂದರೋ ಫ್ಯಾನಿನ ಸದ್ದಿನಲ್ಲಿ ತಿಳಿಯಲಿಲ್ಲ. ಐದು ಸಲ ಕೇಳಿದರೂ ಅಷ್ಟೇ. ಇಂಥಲ್ಲಿ ಕಿವಿಯನ್ನು ಮತ್ತೆ ಮತ್ತೆ ನಂಬುವುದಕ್ಕಿಂತ ಲೆಕ್ಕ ಹಾಕುವುದು ಮೇಲು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅವರು ಉದಾಹರಣೆಗೆ ತೆಗೆದುಕೊಂಡ ಕೆರೆಗೆ ನೀರು ಹರಿದು ಬರುವ ಪ್ರದೇಶ 400 ಹೆಕ್ಟೇರ್, ಅಂದರೆ 40 ಲಕ್ಷ ಚದರ ಮೀಟರ್. ಒಂದು ಮಳೆಗೆ 40 ಮಿಲಿಮೀಟರ್ ಬಿದ್ದರೆ ಒಟ್ಟು 16 ಕೋಟಿ ಲೀಟರ್. ಕೆರೆಗೆ ಬಂದು ಸೇರುವುದು “ಎರಡು ಕೋಟಿ ನಲವತ್ತು ಲಕ್ಷ ಲೀಟರ್” ಎಂದು ಅವರು ಮುಂದಿನ ವಾಕ್ಯದಲ್ಲಿ ಕನ್ನಡದಲ್ಲೇ ಸ್ಪಷ್ಟವಾಗಿ ಹೇಳಿದ್ದರು. 16 ಕೋಟಿಯಲ್ಲಿ 2.4 ಕೋಟಿ ಎಂದರೆ ಸರಿಯಾಗಿ ಶೇಕಡಾ 15. ಐವತ್ತಾಗಿದ್ದರೆ 8 ಕೋಟಿ ಆಗಬೇಕಿತ್ತು. ಈ ಲೆಕ್ಕವನ್ನು ಅವಳು ಹಾಗೆಯೇ ಹಾಳೆಗೆ ಇಳಿಸಿದಳು. ಓದಿದವರೂ ತಾವೇ ಹಾಕಿ ನೋಡಬಹುದು ಎಂದು.

ಪದವೂ ಮೋಸ ಮಾಡಿತು. ಪಟ್ಟಣದಲ್ಲೇ ಬೆಳೆದ ಹುಡುಗಿ. “ನೀರು ಕೋಟಿ ಮುಟ್ಟಿದ ಮೇಲೆ ಕೆಳಗಿನ ಕೆರೆಗೆ ಹರಿಯುತ್ತದೆ” ಎಂದು ಬರೆದಿದ್ದಳು. ಕೋಟಿ ಏನು? ಲೀಟರೋ ಘನ ಅಡಿಯೋ? ಅಳತೆ ಇಲ್ಲದ ಸಂಖ್ಯೆ ಕಂಡರೆ ಅಲ್ಲೇ ನಿಂತು ನೋಡಬೇಕು. ಅವರು ಹೇಳಿದ್ದು ಕೋಡಿ, ಕೆರೆ ತುಂಬಿದಾಗ ಹೆಚ್ಚಿನ ನೀರು ಏರಿಯನ್ನು ಒಡೆಯದೆ ಹೊರಗೆ ಹೋಗಲು ಬಿಟ್ಟ ದಾರಿ. ಹಳ್ಳಿಯಿಂದ ಬರುವ ಆ 11 ಮಂದಿಗೆ ಈ ಪದ ಹೇಳಿಕೊಡಬೇಕಿಲ್ಲ. ಆದರೆ ತರಗತಿಯಲ್ಲಿ ಇವಳಂಥವರೂ ಇದ್ದಾರಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಈ ನಾಲ್ಕಕ್ಕೆ ಒಂದೊಂದು ಸಾಲಿನ ಅರ್ಥ ಹಾಳೆಯ ಅಂಚಿನಲ್ಲಿ ಸೇರಿತು.

ಪ್ರಶ್ನೋತ್ತರದ ಭಾಗವನ್ನು ಅನೇಕರು ಕೇಳದೆ ಬಿಡುತ್ತಾರೆ. ಕೇಳಿದವರ ದನಿ ಫೋನಿಗೆ ಮುಟ್ಟಿರುವುದಿಲ್ಲ, ಉತ್ತರ ಮಾತ್ರ ಇರುತ್ತದೆ. ಇಲ್ಲಿಯೂ 61ನೇ ನಿಮಿಷದಲ್ಲಿ “ಇಲ್ಲಮ್ಮ, ಅಷ್ಟು ಆಳ ಬೇಡ” ಎಂದು ಉತ್ತರ ಶುರುವಾಗುತ್ತದೆ. ಎಷ್ಟು ಆಳ? ಪ್ರಶ್ನೆ ಕೇಳಿದವಳನ್ನೇ ಹುಡುಕಿ ವಿಚಾರಿಸಿದರೆ, ಹೂಳೆತ್ತುವಾಗ ಇಪ್ಪತ್ತು ಅಡಿ ತೋಡಬಹುದೇ ಎಂದು ಕೇಳಿದ್ದಳಂತೆ. ಉತ್ತರ ಇಡೀ ಉಪನ್ಯಾಸದಲ್ಲೇ ಅತ್ಯಂತ ಬೆಲೆಯುಳ್ಳದ್ದು: ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದರೆ ಅಲ್ಲಿ ನಿಂತ ನೀರು ತೂಬಿನಿಂದ ಗದ್ದೆಗೆ ಹರಿಯುವುದಿಲ್ಲ. ದನಕರು ಕುಡಿಯಬಹುದು, ನೆಲಕ್ಕೆ ಇಂಗಬಹುದು, ಅಚ್ಚುಕಟ್ಟಿನ ರೈತನಿಗೆ ಮಾತ್ರ ತಾನಾಗಿ ಹರಿದು ಸಿಗುವುದಿಲ್ಲ. ಅವಳು ಇದನ್ನು ಕೊನೆಯಲ್ಲಿ ಬಿಡದೆ ಹೂಳಿನ ಮಾತು ಬರುವಲ್ಲೇ ತಂದು ಸೇರಿಸಿದಳು. ಮಾತಿನ ಕ್ರಮವನ್ನೇ ಹಾಳೆಯೂ ಅನುಸರಿಸಬೇಕಿಲ್ಲ.

ಹಾಳೆ ಎರಡು ಬದಿಗೆ ನಿಂತಿತು. ಹಂಚುವ ಮೊದಲು ಬಾರದವರಲ್ಲಿ ಒಬ್ಬನಿಗೆ ಓದಲು ಕೊಟ್ಟು, ಹಾಳೆ ಮುಚ್ಚಿಸಿ ಎರಡೇ ಪ್ರಶ್ನೆ ಕೇಳಿದೆವು: ತೆರೆದ ಬಾವಿ ಏಕೆ ಮೊದಲು ಏರುತ್ತದೆ? ಕೆರೆಗೆ ಮಳೆಯ ಎಷ್ಟು ಪಾಲು ಬರುತ್ತದೆ? ಮೊದಲನೆಯದನ್ನು ಸರಿಯಾಗಿ ಹೇಳಿದ. ಎರಡನೆಯದಕ್ಕೆ “ಎಲ್ಲಾ ಕೆರೆಗೂ ಹದಿನೈದು” ಎಂದ. ಅದು ಒಂದು ಕೆರೆಯ, ಒಂದು ಮಳೆಯ ಉದಾಹರಣೆ ಎಂದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ತಪ್ಪು ಅವನದಲ್ಲ, ಹಾಳೆಯದು. ಒಂದು ಸಾಲು ಸೇರಿಸಿದೆವು.

ಕೊನೆಗೆ ಅತಿಥಿಗೆ ಫೋಟೋ ತೆಗೆದು ಕಳಿಸಿದೆವು. ಮಾರನೇ ದಿನ ಒಂದೇ ತಿದ್ದುಪಡಿ ಬಂತು. ಅವರು ಮಾತಿನ ಭರದಲ್ಲಿ ಒಂದು ಕಡೆ ಹೆಕ್ಟೇರ್ ಎನ್ನುವ ಬದಲು ಎಕರೆ ಎಂದುಬಿಟ್ಟಿದ್ದರಂತೆ. ಅವಳು ಕೇಳಿದಂತೆಯೇ ಬರೆದಿದ್ದಳು. ರೆಕಾರ್ಡು ಎಷ್ಟೇ ಸ್ಪಷ್ಟವಾಗಿದ್ದರೂ, ಮಾತನಾಡಿದವರೇ ಎಡವಿದ್ದನ್ನು ಅದು ತೋರಿಸಿಕೊಡುವುದಿಲ್ಲ.

ಮುಂದಿನ ಉಪನ್ಯಾಸಕ್ಕೆ ಫೋನು ಹಿಡಿದು ಹೋಗುವವರಲ್ಲಿ ನನ್ನದೊಂದು ಕೋರಿಕೆ. ಶುರುವಾಗುವ ಮೊದಲು ಅತಿಥಿಯನ್ನು ಕೇಳಿ, ಫೋನನ್ನು ಫ್ಯಾನಿನಿಂದ ದೂರ, ಮೇಜಿನ ಮೇಲೆ ಇಡಿ, ಮುಗಿದ ಕೂಡಲೇ ಬೋರ್ಡು ಒರೆಸುವ ಮುನ್ನ ಒಂದು ಫೋಟೋ ತೆಗೆದುಕೊಳ್ಳಿ.