ತೊಂಬತ್ತೊಂದರ ನಂತರದ ಎಪ್ಪತ್ತಾರು

ಒಂದು ಅಳತೆ ವಾಡಿಕೆಗಿಂತ ಬಹಳ ಮೇಲೆ ಅಥವಾ ಬಹಳ ಕೆಳಗೆ ಬಂದಾಗ ಅದನ್ನೇ ಇನ್ನೊಮ್ಮೆ ತೆಗೆದರೆ, ಎರಡನೆಯದು ಹೆಚ್ಚಾಗಿ ಸರಾಸರಿಯ ಕಡೆಗೆ ಸರಿದಿರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಗೆ ಮರಳುವಿಕೆ ಎನ್ನುತ್ತಾರೆ. ಎರಡು ಅಳತೆಗಳ ನಡುವೆ ಯಾರೂ ಏನೂ ಮಾಡದಿದ್ದರೂ ಹೀಗಾಗುತ್ತದೆ. ಶಾಲೆಯ ಅಂಕಪಟ್ಟಿಯಲ್ಲಿ ಇದು ವರ್ಷವಿಡೀ ಕಾಣುತ್ತದೆ, ಆದರೆ ಅಲ್ಲಿ ಇದಕ್ಕೆ ಬೇರೆ ಬೇರೆ ಹೆಸರು: ಮೈಮರೆವು, ಸೊಕ್ಕು, ಮೊಬೈಲ್ ಚಟ, ಕಣ್ಣುದೃಷ್ಟಿ.

ಉದಾಹರಣೆಗೆ ಬನಹಟ್ಟಿಯ ಒಬ್ಬ ಹತ್ತನೆಯ ತರಗತಿಯ ಹುಡುಗಿಯನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಎರಡು ಪವರ್‌ಲೂಮ್, ಓದುವುದು ಮಗ್ಗದ ಸದ್ದಿನ ಪಕ್ಕದ ಕೋಣೆಯಲ್ಲಿ. ನೂರು ಅಂಕಗಳ ನಾಲ್ಕು ಗಣಿತ ಪರೀಕ್ಷೆಗಳಲ್ಲಿ ಅವಳಿಗೆ ಬಂದದ್ದು 74, 77, 72, 77. ಐದನೆಯದರಲ್ಲಿ 91. ಮನೆಯಲ್ಲಿ ಸಿಹಿ ಹಂಚಿದರು, ಇನ್ನು ಮುಂದೆ ತೊಂಬತ್ತರ ಕೆಳಗೆ ಇಳಿಯಬಾರದು ಎಂದರು. ಆರನೆಯದರಲ್ಲಿ 76 ಬಂತು. ‘ಯಾರದೋ ಕಣ್ಣು ಬಿತ್ತು’ ಎಂದು ಅವ್ವ, ‘ಹೊಗಳಿದ್ದು ಹೆಚ್ಚಾಯಿತು’ ಎಂದು ಅಪ್ಪ. ಹುಡುಗಿಗೆ ತಾನು ಎಲ್ಲಿ ತಪ್ಪಿದೆ ಎಂಬುದೇ ತಿಳಿಯದು, ಏಕೆಂದರೆ ಅವಳು ಮೊದಲಿನಷ್ಟೇ ಓದಿದ್ದಾಳೆ.

ಅವಳ ಅಂಕದಲ್ಲಿ ಎರಡು ಪಾಲುಗಳು ಬೆರೆತಿವೆ. ಒಂದು, ವಿಷಯದ ಮೇಲಿನ ಹಿಡಿತ. ಅದು ಒಂದು ತಿಂಗಳಿಂದ ಇನ್ನೊಂದಕ್ಕೆ ಬಹಳ ಬದಲಾಗುವುದಿಲ್ಲ. ಇನ್ನೊಂದು, ಆ ದಿನ ಕೂಡಿಬಂದದ್ದು. ಐದನೆಯ ಪರೀಕ್ಷೆಯ ಹಿಂದಿನ ರಾತ್ರಿ ಅವಳು ಥೇಲ್ಸ್‌ನ ಪ್ರಮೇಯವನ್ನು ಎರಡು ಸಲ ಬರೆದು ನೋಡಿದ್ದಳು, ಬೆಳಿಗ್ಗೆ ಅದೇ ಬಂತು. ಗೋಪುರದ ಎತ್ತರ ಕಂಡುಹಿಡಿಯುವ ತ್ರಿಕೋನಮಿತಿಯ ಲೆಕ್ಕ ಹಿಂದಿನ ವಾರವಷ್ಟೇ ಶಾಲೆಯ ಹಲಗೆಯ ಮೇಲೆ ಬಿಡಿಸಿದ್ದರ ತದ್ರೂಪು. ಅವಳಿಗೆ ಸದಾ ತೊಡಕಾಗುವ ಘನಫಲದ ಅಧ್ಯಾಯದಿಂದ ಒಂದೇ ಪ್ರಶ್ನೆ ಇತ್ತು. ಒಂದು ಬಹುಆಯ್ಕೆಯ ಪ್ರಶ್ನೆಗೆ ಊಹಿಸಿ ಬರೆದದ್ದು ಸರಿಯಾಯಿತು. ಇವುಗಳಲ್ಲಿ ಯಾವುದೂ ಮೋಸವಲ್ಲ, ಯಾವುದೂ ಅವಳ ಶ್ರಮವನ್ನು ಕಡಿಮೆ ಮಾಡುವುದಿಲ್ಲ. ಆದರೆ ಎಲ್ಲವೂ ಒಟ್ಟಿಗೆ ಮತ್ತೆ ಕೂಡಿಬರಬೇಕೆಂಬ ನಿಯಮವಿಲ್ಲ. ಆರನೆಯ ಪರೀಕ್ಷೆಯಲ್ಲಿ ಕೆಲವು ಅನುಕೂಲವಾದವು, ಕೆಲವು ಆಗಲಿಲ್ಲ, ಹಿಡಿತದ ಪಾಲು ಹಾಗೆಯೇ ಉಳಿಯಿತು. ಮೊದಲಿನ ನಾಲ್ಕರ ಸರಾಸರಿ 75. ಹಾಗಾಗಿ 76 ಅವಳ ವಾಡಿಕೆಯ ಮಟ್ಟ, ವಿವರಣೆ ಬೇಡುವುದು 91.

ಈ ಮಾತು ಅವಳ ಅಪ್ಪನಿಗೆ ಮಗ್ಗದ ಮುಂದೆ ಚೆನ್ನಾಗಿ ಗೊತ್ತು. ಒಂದು ದಿನ ನೂಲು ಹರಿಯುವುದಿಲ್ಲ, ಕರೆಂಟ್ ಹೋಗುವುದಿಲ್ಲ, ಲಾಳಿ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಸಂಜೆಗೆ ಸೀರೆ ಎಂದಿಗಿಂತ ಹೆಚ್ಚು ಇಳಿಯುತ್ತದೆ. ಮರುದಿನ ಕಡಿಮೆಯಾದರೆ ನೇಕಾರ ಸೋಮಾರಿಯಾದ ಎಂದು ಅವನು ಹೇಳುವುದಿಲ್ಲ. ಅಂಥ ದಿನ ದಿನವೂ ಬರುವುದಿಲ್ಲ ಎಂಬುದು ಅವನ ಅನುಭವ. ಮಗ್ಗದಲ್ಲಿ ಕೂಡಿಬಂದದ್ದು ಕಣ್ಣಿಗೆ ಕಾಣುತ್ತದೆ, ಉತ್ತರಪತ್ರಿಕೆಯಲ್ಲಿ ಅದು ಅಂಕದೊಳಗೆ ಅಡಗಿರುತ್ತದೆ.

ಇಳಿಕೆಯೇ ಏಕೆ, ಏರಿಕೆ ಏಕಲ್ಲ ಎಂಬುದು ಇಲ್ಲಿ ಸಹಜವಾಗಿ ಏಳುವ ಪ್ರಶ್ನೆ. ಉತ್ತರ ಆಯ್ಕೆಯಲ್ಲಿದೆ. ಯಾವುದೋ ಒಂದು ಪರೀಕ್ಷೆಯನ್ನು ಕಣ್ಣುಮುಚ್ಚಿ ಎತ್ತಿಕೊಂಡಿದ್ದರೆ ಮುಂದಿನದು ಏರಲೂಬಹುದು, ಇಳಿಯಲೂಬಹುದು. ಎತ್ತಿಕೊಂಡದ್ದು ಅತಿ ಹೆಚ್ಚು ಅಂಕದ ಪರೀಕ್ಷೆಯನ್ನು. ಅತಿ ಹೆಚ್ಚು ಎಂಬ ಕಾರಣಕ್ಕೇ ಆರಿಸಿದಾಗ, ಅನುಕೂಲಗಳು ಕೂಡಿಬಂದ ದಿನವನ್ನೇ ಆರಿಸಿದಂತಾಗುತ್ತದೆ.

ಇದನ್ನು ಯಾವ ತರಗತಿಯಲ್ಲಾದರೂ ಹತ್ತು ನಿಮಿಷದಲ್ಲಿ ಮಾಡಿ ನೋಡಬಹುದು. ನಲವತ್ತು ಮಕ್ಕಳಿಗೆ ಅವರಲ್ಲಿ ಯಾರಿಗೂ ಉತ್ತರ ತಿಳಿಯದಂಥ ಹತ್ತು ಸರಿ–ತಪ್ಪು ಪ್ರಶ್ನೆಗಳನ್ನು ಕೊಡಬೇಕು. ಎಲ್ಲರದ್ದೂ ಬರೀ ಊಹೆ. ಆದರೂ ನಲವತ್ತರಲ್ಲಿ ಸುಮಾರು ಇಬ್ಬರಿಗೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಸರಿ ಬರುತ್ತವೆ ಎಂದು ಲೆಕ್ಕ ಹೇಳುತ್ತದೆ. ಆ ಇಬ್ಬರಿಗೆ ಚಪ್ಪಾಳೆ ತಟ್ಟಿ, ಅಂಥದ್ದೇ ಇನ್ನೊಂದು ಪ್ರಶ್ನೆಪತ್ರಿಕೆ ಕೊಟ್ಟರೆ ಅವರಿಂದ ನಿರೀಕ್ಷಿಸಬಹುದಾದದ್ದು ಐದು. ಇಲ್ಲಿ ಹಿಡಿತದ ಪಾಲು ಸೊನ್ನೆಯಾದ್ದರಿಂದ ಮರಳುವಿಕೆ ಪೂರ್ತಿ. ಅದೇ ಮಕ್ಕಳ ಎತ್ತರವನ್ನು ಟೇಪಿನಿಂದ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದರೆ ಎತ್ತರದ ಹುಡುಗ ಎತ್ತರದವನಾಗಿಯೇ ಉಳಿಯುತ್ತಾನೆ, ಮರಳುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಶಾಲೆಯ ಪರೀಕ್ಷೆಗಳೆಲ್ಲ ಈ ಎರಡರ ನಡುವೆ ಎಲ್ಲೋ ಇರುತ್ತವೆ.

ಎಲ್ಲಿ ಎಂಬುದನ್ನು ಲೆಕ್ಕ ಹಾಕಬಹುದು. ಜಮಖಂಡಿಯ ಒಂದು ಶಾಲೆಯ ತರಗತಿಯಲ್ಲಿ ಎರಡು ಪರೀಕ್ಷೆಗಳು ಒಂದೇ ಮಟ್ಟದವು, ಎರಡರಲ್ಲೂ ತರಗತಿಯ ಸರಾಸರಿ 52, ಅಂಕಗಳ ಹರವೂ ಒಂದೇ ಎಂದಿಟ್ಟುಕೊಳ್ಳೋಣ. ಎಲ್ಲರ ಅಂಕಗಳನ್ನು ಜೋಡಿಸಿ ನೋಡಿದಾಗ, ಮೊದಲ ಪರೀಕ್ಷೆಯಲ್ಲಿ ಸರಾಸರಿಯಿಂದ ಇದ್ದ ದೂರದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಎರಡನೆಯದರಲ್ಲೂ ಉಳಿದಿದೆ ಎಂದು ಸಿಕ್ಕಿತು. ಅಂದರೆ ಗುಣಕ 0.7. ಮೊದಲ ಪರೀಕ್ಷೆಯ ಮುಂದಿನ ಐವರ ಸರಾಸರಿ 84. ಅದು ತರಗತಿಯ ಸರಾಸರಿಗಿಂತ 32 ಮೇಲೆ. ಎರಡನೆಯ ಪರೀಕ್ಷೆಯಲ್ಲಿ ಅವರಿಂದ ನಿರೀಕ್ಷಿಸಬೇಕಾದದ್ದು:

52 + 0.7 × 32 = 74.4

ಹಿಂದಿನ ಐವರ ಸರಾಸರಿ 22 ಆಗಿದ್ದರೆ, ಅವರು 30 ಕೆಳಗಿದ್ದರು. ಅವರಿಂದ ನಿರೀಕ್ಷೆ 52 − 0.7 × 30, ಅಂದರೆ 31. ಯಾರೂ ಬೈಯದೆ, ಯಾರೂ ಹೆಚ್ಚಿನ ಪಾಠ ಮಾಡದೆ ಮುಂದಿನವರು ಸುಮಾರು ಹತ್ತು ಅಂಕ ಇಳಿದರು, ಹಿಂದಿನವರು ಒಂಬತ್ತು ಏರಿದರು. ಇದು ಗುಂಪಿನ ಲೆಕ್ಕ. ಐವರಲ್ಲಿ ಒಬ್ಬರು 88 ತೆಗೆಯಬಹುದು, ಇನ್ನೊಬ್ಬರು 65ಕ್ಕೆ ಇಳಿಯಬಹುದು. ಬನಹಟ್ಟಿಯ ಹುಡುಗಿಯಂತೆ ಹಿಂದಿನ ಅಂಕಗಳು ಕೈಯಲ್ಲಿದ್ದರೆ ತರಗತಿಯ ಸರಾಸರಿಗಿಂತ ಅವಳದೇ ಸರಾಸರಿ ಹೆಚ್ಚು ಒಳ್ಳೆಯ ಆಧಾರ. ಹಿಂದಿನದು ಏನೂ ತಿಳಿಯದ ಹೊಸ ವಿದ್ಯಾರ್ಥಿಯಾದರೆ ಮಾತ್ರ ತರಗತಿಯ ಸರಾಸರಿಯನ್ನೇ ನಂಬಬೇಕಾಗುತ್ತದೆ.

ಹೀಗೆ ಮೇಲಿನವರು ಇಳಿದು ಕೆಳಗಿನವರು ಏರುತ್ತ ಹೋದರೆ ಕೊನೆಗೆ ಎಲ್ಲರೂ 52ಕ್ಕೆ ಬಂದು ನಿಲ್ಲುತ್ತಾರೆಯೇ? ಇಲ್ಲ. ಎರಡನೆಯ ಪರೀಕ್ಷೆಯಲ್ಲೂ ಮುಂದಿನ ಐವರು ಇದ್ದೇ ಇರುತ್ತಾರೆ, ಆದರೆ ಅವರೆಲ್ಲ ಮೊದಲಿನ ಐವರೇ ಅಲ್ಲ. ಈ ಹೊಸ ಐವರ ಅಂಕಗಳನ್ನು ಹಿಂದಕ್ಕೆ ತಿರುಗಿಸಿ ಮೊದಲ ಪರೀಕ್ಷೆಯಲ್ಲಿ ನೋಡಿದರೆ ಅಲ್ಲಿಯೂ ಅವರು ಸರಾಸರಿಗೆ ಹತ್ತಿರವೇ ಇರುತ್ತಾರೆ. ಮುಂದಿನ ತಿಂಗಳ ಸೊಕ್ಕು ಹಿಂದಿನ ತಿಂಗಳ ಅಂಕವನ್ನು ಇಳಿಸಲಾರದು. ಮರಳುವಿಕೆಗೆ ಮನಸ್ಸಿನ ಬದಲಾವಣೆ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ, ಮತ್ತು ಶಾಲೆಯ ಯಾವುದೇ ಅಂಕಪುಸ್ತಕದಲ್ಲಿ ಇದನ್ನು ಪರೀಕ್ಷಿಸಬಹುದು.

ಇದನ್ನು ಮೊದಲು ಅಂಕಿಗಳಲ್ಲಿ ಹಿಡಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 1886ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವನು 205 ದಂಪತಿಗಳ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರಗಳನ್ನು ಹೋಲಿಸಿದ. ಬಹಳ ಎತ್ತರದ ತಂದೆತಾಯಿಯರ ಮಕ್ಕಳು ಎತ್ತರದವರೇ, ಆದರೆ ತಂದೆತಾಯಿಯರಷ್ಟಲ್ಲ. ಸರಾಸರಿಯಿಂದ ಅವರ ದೂರ ತಂದೆತಾಯಿಯರ ದೂರದ ಸುಮಾರು ಮೂರರಲ್ಲಿ ಎರಡು ಪಾಲು. ಗಾಲ್ಟನ್ ಇದನ್ನು ಅನುವಂಶೀಯತೆಯ ನಿಯಮವೆಂದು ತಿಳಿದಿದ್ದ. ಪೂರ್ತಿ ಹೊಂದಿಕೆಯಾಗದ ಯಾವ ಎರಡು ಅಳತೆಗಳ ನಡುವೆಯೂ ಇದು ಕಾಣುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು.

ಶಿಕ್ಷಕರಿಗೆ ಹೆಚ್ಚು ಹತ್ತಿರದ ಕಥೆ ಇಸ್ರೇಲಿನದು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅಲ್ಲಿನ ವಿಮಾನ ತರಬೇತುದಾರರಿಗೆ, ಗದರಿಕೆಗಿಂತ ಮೆಚ್ಚುಗೆ ಹೆಚ್ಚು ಕಲಿಸುತ್ತದೆ ಎಂದು ಹೇಳುತ್ತಿದ್ದಾಗ ಅನುಭವಿಯೊಬ್ಬರು ಎದ್ದು ಒಪ್ಪಲಿಲ್ಲ: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ. ಅವರು ಕಂಡದ್ದು ನಿಜ, ಕಟ್ಟಿದ ಕಾರಣ ತಪ್ಪು. ಹೊಗಳಿಕೆ ಬರುವುದು ಅಪರೂಪದ ಒಳ್ಳೆಯ ಹಾರಾಟದ ಬೆನ್ನಿಗೆ, ಬೈಗುಳ ಬರುವುದು ಅಪರೂಪದ ಕೆಟ್ಟ ಹಾರಾಟದ ಬೆನ್ನಿಗೆ. ಎರಡೂ ಕಡೆ ಮುಂದಿನದು ವಾಡಿಕೆಯ ಮಟ್ಟಕ್ಕೆ ಮರಳುತ್ತದೆ. ಹೀಗಾಗಿ ಬೈಗುಳಕ್ಕೆ ಸಲ್ಲದ ಕೀರ್ತಿ, ಮೆಚ್ಚುಗೆಗೆ ಸಲ್ಲದ ದೂರು. ತರಗತಿಯಲ್ಲಿ ಇದರ ಪೆಟ್ಟು ತಿನ್ನುವುದು ಮಕ್ಕಳು. ಮನೆಯ ದೃಷ್ಟಿ ತೆಗೆಯುವುದಕ್ಕೂ ಇದೇ ಬೆಂಬಲ: ಅಂಕ ತೀರಾ ಇಳಿದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ, ಮುಂದಿನ ಸಲ ಅಂಕ ತಾನಾಗಿ ಮೇಲೇರುತ್ತದೆ.

ವಿಶೇಷ ತರಗತಿಗಳ ಫಲವನ್ನು ಅಳೆಯುವಾಗಲೂ ಇದು ದಾರಿ ತಪ್ಪಿಸುತ್ತದೆ. ಮುಧೋಳದ ಶಾಲೆಯೊಂದು ಮೇಲಿನ ಲೆಕ್ಕದಂತೆಯೇ ಸರಾಸರಿ 22 ಅಂಕದ ಮಕ್ಕಳನ್ನು ಆರಿಸಿ ಒಂದು ತಿಂಗಳು ಸಂಜೆ ಪಾಠ ಮಾಡಿತು, ಸರಾಸರಿ 35ಕ್ಕೆ ಏರಿತು ಎನ್ನೋಣ. ಹದಿಮೂರು ಅಂಕ ಪೂರ್ತಿಯಾಗಿ ಪಾಠದ ಫಲವಲ್ಲ. ಒಂಬತ್ತು ಹೇಗೂ ಬರುತ್ತಿತ್ತು, ಪಾಠಕ್ಕೆ ಸಲ್ಲುವುದು ನಾಲ್ಕು. ಆ ನಾಲ್ಕೂ ಬೆಲೆಯುಳ್ಳದ್ದೇ. ಖಚಿತವಾಗಿ ತಿಳಿಯಬೇಕಾದರೆ ಅಷ್ಟೇ ಅಂಕದ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ತಿಂಗಳು, ಇನ್ನೊಂದಕ್ಕೆ ಮುಂದಿನ ತಿಂಗಳು ಪಾಠ ಇಟ್ಟುಕೊಳ್ಳಬೇಕು. ಮೊದಲ ತಿಂಗಳ ಕೊನೆಗೆ ಎರಡೂ ಗುಂಪಿನ ವ್ಯತ್ಯಾಸವೇ ಪಾಠದ ಫಲ.

ಶಾಲೆಗಳ ಫಲಿತಾಂಶದಲ್ಲಿ ಚಿಕ್ಕ ಶಾಲೆಗಳು ಹೆಚ್ಚು ಏರಿಳಿಯುತ್ತವೆ. ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ 25 ಮಕ್ಕಳಿದ್ದರೆ ಒಬ್ಬೊಬ್ಬ ವಿದ್ಯಾರ್ಥಿಯೂ ಶೇ 4. ಈ ವರ್ಷ ಶೇ 100, ಮುಂದಿನ ವರ್ಷ ಶೇ 88 ಎಂದರೆ ನಡುವೆ ಇರುವುದು ಮೂರೇ ಮಕ್ಕಳು. ಅದನ್ನು 250 ಮಕ್ಕಳ ಪೇಟೆಯ ಶಾಲೆಯ ಪಕ್ಕದಲ್ಲಿಟ್ಟು ಮುಖ್ಯೋಪಾಧ್ಯಾಯರಿಂದ ಕಾರಣ ಕೇಳುವುದು ನ್ಯಾಯವಲ್ಲ.

ಹಾಗೆಂದು ಪ್ರತಿಯೊಂದು ಇಳಿಕೆಯೂ ಮರಳುವಿಕೆಯಲ್ಲ. ಈ ಸೀಮೆಯ ಕಬ್ಬಿನ ಗದ್ದೆಯಲ್ಲಿ ನಾಟಿ ಕಬ್ಬಿಗಿಂತ ಕುಳೆ ಕಬ್ಬಿನ ಇಳುವರಿ ಸಾಮಾನ್ಯವಾಗಿ ಕಡಿಮೆ. ಅಲ್ಲಿ ಸತ್ತ ಬುಡಗಳ ಜಾಗ ಖಾಲಿ ಬೀಳುವುದು, ರೋಗ ಉಳಿದು ಬರುವುದು ಮುಂತಾದ ನಿಜವಾದ ಕಾರಣಗಳಿವೆ. ಎರಡನ್ನೂ ಬೇರ್ಪಡಿಸುವ ಗುರುತು ಮೂರನೆಯ ಅಳತೆಯಲ್ಲಿ ಸಿಗುತ್ತದೆ. ಮರಳುವಿಕೆ ಒಂದು ಹೆಜ್ಜೆಯಲ್ಲಿ ಮುಗಿಯುತ್ತದೆ, ಇಳಿಯುತ್ತಲೇ ಹೋಗುವುದಿಲ್ಲ. ಬನಹಟ್ಟಿಯ ಹುಡುಗಿಗೆ ಮುಂದೆ 74, 78 ಬಂದರೆ ಅವಳು ತನ್ನ ಮಟ್ಟದಲ್ಲಿಯೇ ಇದ್ದಾಳೆ. 79, 82, 83 ಬಂದರೆ ಹಿಡಿತವೇ ಮೇಲೇರುತ್ತಿದೆ, 91ರಲ್ಲಿ ಅದರ ಒಂದು ಅಂಶ ಆಗಲೇ ಇತ್ತು. 68, 61 ಎಂದು ಇಳಿಯುತ್ತ ಹೋದರೆ ಮಾತ್ರ ಕಾರಣ ಹುಡುಕಬೇಕು. ಆಗ ನೋಡಬೇಕಾದದ್ದು ಒಟ್ಟು ಅಂಕವನ್ನಲ್ಲ, ಉತ್ತರಪತ್ರಿಕೆಯನ್ನು. ಮೊದಲಿನಿಂದಲೂ ಕಷ್ಟವಾಗಿದ್ದ ಘನಫಲದ ಲೆಕ್ಕಗಳಲ್ಲೇ ಅಂಕ ಹೋಗಿದ್ದರೆ ಅದು ಪ್ರಶ್ನೆಪತ್ರಿಕೆಯ ಏರಿಳಿತ. ಎಂದೂ ತಪ್ಪದ ವರ್ಗಸಮೀಕರಣದ ಪ್ರಶ್ನೆಯ ಕೆಳಗೆ ಹಾಳೆ ಖಾಲಿ ಉಳಿದಿದ್ದರೆ, ಮನೆಯವರು ಅವಳ ಪಕ್ಕ ಕುಳಿತು ಏನಾಯಿತೆಂದು ಕೇಳಬೇಕಾದ ಹೊತ್ತು ಅದು.